ಬೀದಿಯ ಹೆಸರು ಯಾರು ಓದಲಿ ಎಂದು

ಪತ್ರಿಕೆಯ ವಾಚಕರ ಅಂಕಣಕ್ಕೆಂದು ನಾನು ಬರೆದ ಮೊದಲ ಕರಡು ಮೂರೇ ಸಾಲಿನದು. ಬಳ್ಳಾರಿ ನಗರದ ಹಲವು ಬೀದಿಗಳಲ್ಲಿ ನಾಮಫಲಕಗಳು ಕಾಣೆಯಾಗಿವೆ, ಹೊರಗಿನಿಂದ ಬಂದವರಿಗೆ ತೊಂದರೆಯಾಗುತ್ತಿದೆ, ಸಂಬಂಧಪಟ್ಟವರು ಗಮನ ಹರಿಸಬೇಕು. ಕಳಿಸುವ ಮುನ್ನ ಇನ್ನೊಮ್ಮೆ ಓದಿದೆ. ಅದರಲ್ಲಿ ಒಂದು ಬೀದಿಯ ಹೆಸರೂ ಇರಲಿಲ್ಲ. ಈ ಪತ್ರವನ್ನು ಯಾರೋ ಒಬ್ಬ ಎಂಜಿನಿಯರ್ ಮನಸ್ಸಿಟ್ಟು ಓದಿದರೂ, ಮರುದಿನ ಬೆಳಿಗ್ಗೆ ಅವರು ಯಾವ ತಿರುವಿಗೆ ಹೋಗಬೇಕು? ಕರಡನ್ನು ಪಕ್ಕಕ್ಕಿಟ್ಟು, ನಿಜಕ್ಕೂ ನಾನು ಕೇಳುತ್ತಿರುವುದೇನು ಎಂದು ಯೋಚಿಸಬೇಕಾಯಿತು.

ಕಳೆದ ವರ್ಷ ನಮ್ಮ ಸೋದರಮಾವ ರಾಯದುರ್ಗದಿಂದ ರಾತ್ರಿ ಬಸ್ಸಿಗೆ ಬಂದಿಳಿದರು. ನಮ್ಮ ಮನೆ ಇರುವುದು ಮೂರನೇ ಅಡ್ಡರಸ್ತೆಯಲ್ಲಿ. ಆಟೊದಿಂದ ಇಳಿದು ಅಂಗಡಿಯವನನ್ನು ಕೇಳಿದರೆ, "ಮುಂದ ಹೋಗ್ರಿ, ಎರಡು ಬಿಟ್ಟು ಮೂರನೇದು" ಎಂದನಂತೆ. ಆ ಕಡೆ ಸಿಕ್ಕ ಹುಡುಗರು "ದಾಟಿ ಬಂದೀರಿ, ಹಿಂದ ಹೋಗ್ರಿ" ಎಂದರಂತೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಒಬ್ಬ ಮುಖ್ಯರಸ್ತೆಯ ಕಡೆಯಿಂದ ಎಣಿಸಿದ್ದ, ಇನ್ನೊಬ್ಬರು ನೀರಿನ ಟ್ಯಾಂಕಿನ ಕಡೆಯಿಂದ. ಎಂಟು ಅಡ್ಡರಸ್ತೆಗಳಿರುವ ಬಡಾವಣೆಯಲ್ಲಿ ಒಂದು ತುದಿಯಿಂದ ಮೂರನೆಯದು ಇನ್ನೊಂದು ತುದಿಯಿಂದ ಆರನೆಯದಾಗುತ್ತದೆ. ಯಾವ ತುದಿಯಿಂದ ಎಣಿಸಬೇಕೆಂದು ಹೇಳುವ ಶಕ್ತಿ ಇದ್ದದ್ದು ಬೀದಿಯ ಬಾಯಲ್ಲಿದ್ದ ಆ ತಗಡಿನ ಫಲಕಕ್ಕೆ ಮಾತ್ರ. ಅದು ಹೋಗಿ ಎಷ್ಟು ದಿನವಾಗಿತ್ತೆಂದು ಮಾವ ಕೇಳಿದಾಗ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲ ಆ ತಿರುವಿನಲ್ಲಿ ಓಡಾಡುವ ನನಗೂ ಗೊತ್ತಿರಲಿಲ್ಲ.

ಬೀದಿಯ ಹೆಸರನ್ನು ಬೀದಿಯವರು ಓದುವುದಿಲ್ಲ. ಅದನ್ನು ಓದುವವರು ಬಂದು ವಾಪಸ್ಸು ಹೋಗುವವರು: ಗುಂತಕಲ್, ಆಲೂರು ಕಡೆಯಿಂದ ವಿಮ್ಸ್‌ಗೆ ರೋಗಿಯನ್ನು ಕರೆತಂದು ರಾತ್ರಿ ತಂಗಲು ನೆಂಟರ ಮನೆ ಹುಡುಕುವವರು, ಜೀನ್ಸ್ ಕೊಳ್ಳಲು ಬಂದು ಹೊಲಿಗೆ ಘಟಕದ ಗಲ್ಲಿ ಹುಡುಕುವ ವ್ಯಾಪಾರಿಗಳು, ಮದುವೆಯ ಕರೆಯೋಲೆ ಹಿಡಿದು ನಿಂತವರು. ಇವರ ಮತ ನಮ್ಮ ವಾರ್ಡಿನಲ್ಲಿಲ್ಲ. ದೂರು ಕೊಡಲು ಇವರಿಗೆ ಸಮಯವೂ ಇಲ್ಲ, ವಿಳಾಸವೂ ತಿಳಿಯದು. ನೀರು ಬಾರದಿದ್ದರೆ, ದೀಪ ಉರಿಯದಿದ್ದರೆ ಬೀದಿಯವರೇ ಕೂಗುತ್ತಾರೆ. ಫಲಕ ಹೋದರೆ ಕೂಗುವವರು ಊರಲ್ಲೇ ಇರುವುದಿಲ್ಲ. ಆದ್ದರಿಂದಲೇ ಪತ್ರ ಬರೆಯಬೇಕಾದವರು, ಫಲಕದ ಅಗತ್ಯವೇ ಇಲ್ಲದ ನಾವು.

ಕೈಯಲ್ಲಿ ಫೋನ್ ಇರುವಾಗ ಫಲಕ ಏಕೆ ಎಂದು ಗೆಳೆಯರೊಬ್ಬರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಅಂಚೆ ಇಲಾಖೆಯೂ 2025ರಲ್ಲಿ ಡಿಜಿಪಿನ್ ಎಂಬ ವ್ಯವಸ್ಥೆಯನ್ನು ತಂದಿದೆ. ಸುಮಾರು ನಾಲ್ಕು ಮೀಟರ್ ಉದ್ದಗಲದ ಪ್ರತಿಯೊಂದು ಚೌಕಕ್ಕೂ ಅದರಲ್ಲಿ ಹತ್ತು ಅಕ್ಷರಗಳ ಒಂದು ಗುರುತಿದೆ. ಆದರೆ ಬ್ರೂಸ್‌ಪೇಟೆಯಲ್ಲೋ ಕೌಲ್ ಬಜಾರಿನಲ್ಲೋ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳ ನಡುವೆ ಫೋನಿನ ಚುಕ್ಕೆ ಹತ್ತು ಮೀಟರ್ ಸರಿದರೂ ಸಾಕು, ಅದು ಮನೆಯ ಮುಂಬಾಗಿಲ ಗಲ್ಲಿಯ ಬದಲು ಹಿತ್ತಿಲ ಗಲ್ಲಿಗೆ ಕರೆದೊಯ್ಯುತ್ತದೆ. ತಾನು ನಿಂತಿರುವುದು ಸರಿಯಾದ ಗಲ್ಲಿಯಲ್ಲೇ ಎಂದು ಕಣ್ಣಾರೆ ಖಾತ್ರಿ ಮಾಡಿಕೊಳ್ಳಲು ಆಗಲೂ ಗೋಡೆಯ ಮೇಲೊಂದು ಬರಹ ಬೇಕು. ಜಪಾನಿನಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ, ಬೀದಿಗಳ ನಡುವಿನ ಮನೆಗಳ ಗುಂಪಿಗೆ ಸಂಖ್ಯೆ ಕೊಡುತ್ತಾರೆ. ಆದರೂ ಆ ಸಂಖ್ಯೆಯ ಪುಟ್ಟ ಫಲಕವನ್ನು ಮೂಲೆಯ ಗೋಡೆಗೋ ಕಂಬಕ್ಕೋ ಹಚ್ಚಿರುತ್ತಾರೆ. ಹೆಸರಿಲ್ಲದೆ ನಡೆಯಬಹುದೇನೋ, ಬರಹವಿಲ್ಲದೆ ನಡೆಯುವುದಿಲ್ಲ.

ಇನ್ನು ಫಲಕಗಳು ಹೋಗುವುದು ಹೇಗೆ? ಕಳ್ಳತನ ಉಂಟು. ಕಬ್ಬಿಣದ ಕೊಳವೆಗೂ ತಗಡಿಗೂ ಗುಜರಿಯಲ್ಲಿ ಬೆಲೆಯಿದೆ. ನಮ್ಮ ಬಿಸಿಲೂ ಕಾರಣ. ಅಗ್ಗದ ಸ್ಟಿಕ್ಕರಿನ ಅಕ್ಷರ ಕೆಲವು ಬೇಸಿಗೆಗಳಲ್ಲೇ ಸುಲಿದು ಬರುತ್ತದೆ, ಅದಿರಿನ ಕೆಂಧೂಳು ಮೆತ್ತಿಕೊಂಡರೆ ದೀಪದ ಬೆಳಕಿಗೆ ಹೊಳೆಯಬೇಕಾದ ಹಾಳೆ ಹೊಳೆಯುವುದಿಲ್ಲ. ಆದರೆ ನನಗೆ ಮುಖ್ಯವಾಗಿ ಕಾಣುವ ಕಾರಣ ಬೇರೆ. ಒಳಚರಂಡಿಗೋ ಕಾಂಕ್ರೀಟ್ ರಸ್ತೆಗೋ ಬೀದಿಯನ್ನು ಅಗೆಯುವಾಗ ಮೂಲೆಯ ಫಲಕವನ್ನು ಕಿತ್ತು ಬದಿಗಿಡುತ್ತಾರೆ. ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಅಗೆತಕ್ಕೆ, ಜಲ್ಲಿಗೆ, ಕಾಂಕ್ರೀಟಿಗೆ ಒಂದೊಂದು ಸಾಲು ಇರುತ್ತದೆ. "ಕಿತ್ತ ಫಲಕವನ್ನು ಮತ್ತೆ ನೆಡುವುದು" ಎಂಬ ಸಾಲು ಅಲ್ಲಿಲ್ಲದಿದ್ದರೆ ಗುತ್ತಿಗೆದಾರನಿಗೆ ಅದಕ್ಕೆ ಹಣ ಸಿಗದು, ಹಣ ಸಿಗದ ಕೆಲಸವನ್ನು ಆತ ಮಾಡನು. ಹೊಸ ರಸ್ತೆಯ ಸಂತೋಷದಲ್ಲಿ ನಾವೂ ಕೇಳುವುದಿಲ್ಲ. ಹೀಗೆ ಬೀದಿ ಸುಧಾರಿಸಿದ ದಿನವೇ ಅದರ ಹೆಸರು ಅಳಿಯುತ್ತದೆ. ಕಾಂಕ್ರೀಟ್ ಹೊಸದು, ಚರಂಡಿ ಹೊಸದು, ಮೂಲೆ ಮಾತ್ರ ಖಾಲಿ ಎಂದರೆ ಕಾರಣ ಕಳ್ಳನಲ್ಲ, ಅಂದಾಜು ಪಟ್ಟಿ. ಆದ್ದರಿಂದ ಕಾಣೆಯಾದ ಫಲಕಗಳನ್ನು ಒಂದು ಸಲ ಹಾಕಿಸಿ ಎಂದು ಕೇಳಿದರೆ ಸಾಲದು. ಮುಂದಿನ ಎಲ್ಲ ರಸ್ತೆ ಕಾಮಗಾರಿಗಳ ಅಂದಾಜಿನಲ್ಲೂ ಆ ಒಂದು ಸಾಲು ಸೇರಲಿ ಎಂದೂ ಕೇಳಬೇಕು.

ಯಾರನ್ನು ಕೇಳಬೇಕು ಎಂಬುದೂ ಅಷ್ಟೇ ಮುಖ್ಯ. ಸಿರುಗುಪ್ಪದ ಉದಾಹರಣೆ ನೋಡಿ. ಊರಿಗೆ ಸೇರಿದ ದೊಡ್ಡ ರಸ್ತೆ ಜೇವರ್ಗಿಯಿಂದ ಬಳ್ಳಾರಿ, ಹಿರಿಯೂರಿನ ಮೇಲೆ ಚಾಮರಾಜನಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ. ಆ ಹೆದ್ದಾರಿಯ ದಿಕ್ಸೂಚಿ ಫಲಕಗಳು ಹೆದ್ದಾರಿಯವರ ಪಾಲು, ಅದರಿಂದ ಒಡೆಯುವ ಓಣಿಗಳದು ಸ್ಥಳೀಯ ಸಂಸ್ಥೆಯ ಪಾಲು. ಭತ್ತ ತುಂಬಲು ಬಂದ ಲಾರಿ ಚಾಲಕ ಗಿರಣಿಯ ಓಣಿ ತಪ್ಪಿಸಿಕೊಂಡರೆ ಯಾವ ಫಲಕ ಇಲ್ಲದ್ದರಿಂದ ಎಂದು ನೋಡಿಯೇ ಬರೆಯಬೇಕು. ಬಳ್ಳಾರಿಯಲ್ಲಿ ಇನ್ನೂ ಪಾಲಿಕೆಗೆ ಹಸ್ತಾಂತರವಾಗದ ಬಡಾವಣೆಗಳ ಹೊಣೆ ಮತ್ತೊಬ್ಬರದು. "ಸಂಬಂಧಪಟ್ಟವರು" ಎಂದು ಬರೆದ ಪತ್ರವನ್ನು ಇವರಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಸಂಬಂಧಪಟ್ಟದ್ದೆಂದು ತಿಳಿಯಬಹುದು.

ಒಂದು ತೊಡಕು ಪತ್ರಕ್ಕಿಂತ ದೊಡ್ಡದು. ಕೆಲವೆಡೆ ಬರೆಯಬೇಕಾದ ಹೆಸರು ಯಾವುದು? ಕಾಗದದಲ್ಲಿ ಗಡಿಗಿ ಚನ್ನಪ್ಪ ವೃತ್ತ, ಆಟೊದವರ ಬಾಯಲ್ಲಿ ರಾಯಲ್ ವೃತ್ತ. ಹೊಸಬನ ಕೈಯಲ್ಲಿ ಒಂದು ಹೆಸರಿದ್ದು, ಫಲಕದ ಮೇಲೆ ಇನ್ನೊಂದು ಇದ್ದರೆ ಫಲಕವೇ ದಾರಿ ತಪ್ಪಿಸುತ್ತದೆ. ಇಂಥ ಕಡೆ ಅಧಿಕೃತ ಹೆಸರು ಮೇಲೆ, ರೂಢಿಯ ಹೆಸರು ಕೆಳಗೆ, ಎರಡೂ ಇರಲಿ. ಅಕ್ಷರ ದೊಡ್ಡದಾಗಿರಲಿ, ಕನ್ನಡ ಮೊದಲಿರಲಿ. ಆಂಧ್ರದಿಂದ ಬಂದವರಿಗೆ ಅದರಿಂದ ಕಷ್ಟವಿಲ್ಲ: ತೆಲುಗು ಬಲ್ಲವರು ನಮ್ಮ ಅಕ್ಷರಗಳನ್ನು ಬಹುಪಾಲು ಕೂಡಿಸಿ ಓದಬಲ್ಲರು, ಎರಡು ಲಿಪಿಗಳೂ ಅಷ್ಟು ಹತ್ತಿರ.

ಒಂದು ಭಾನುವಾರ ನೋಟ್‌ಬುಕ್ ಹಿಡಿದು ನಮ್ಮ ಬಡಾವಣೆಯನ್ನು ಸುತ್ತಿದೆ. ಪ್ರತಿ ತಿರುವಿಗೆ ಒಂದು ಸಾಲು: ಬೀದಿಯ ಹೆಸರು, ಯಾವ ಮೂಲೆ, ಕಂಬ ಉಳಿದಿದೆಯೋ ಬುಡವೂ ಇಲ್ಲವೋ, ಬರಹ ಮಾಸಿದೆಯೋ, ಫ್ಲೆಕ್ಸ್ ಕಟ್ಟಿ ಮುಚ್ಚಿದ್ದಾರೋ. ಈ ವಿಂಗಡಣೆಯಿಂದ ಕೆಲಸ ಹಗುರಾಗುತ್ತದೆ. ಮುಚ್ಚಿದ್ದಕ್ಕೆ ಕತ್ತರಿ ಸಾಕು, ಮಾಸಿದ್ದಕ್ಕೆ ಹೊಸ ಹಾಳೆ ಸಾಕು, ಬುಡವೇ ಇಲ್ಲದ್ದಕ್ಕೆ ಮಾತ್ರ ಕಂಬ, ಗುಂಡಿ, ಕಾಂಕ್ರೀಟ್. ಕುರುಗೋಡಿನ ಗೆಳೆಯರಿಗೂ ಇದನ್ನೇ ಹೇಳಿದೆ. ಅಲ್ಲಿ ದೊಡ್ಡಬಸವೇಶ್ವರನ ತೇರಿಗೆ ಬರುವ ಜನರಲ್ಲಿ ಹೆಚ್ಚಿನವರು ಪರ ಊರಿನವರು. ಜಾತ್ರೆಗೆ ಎರಡು ತಿಂಗಳ ಮುಂಚೆಯೇ ಪಟ್ಟಿ ತಲುಪಿದರೆ ಫಲಕ ನೆಡಲು ಸಮಯವಿರುತ್ತದೆ.

ಎರಡನೇ ಕರಡಿನಲ್ಲಿ ಆ ಪಟ್ಟಿಯೇ ಪತ್ರವಾಯಿತು. ಕೊನೆಗೆ ಒಂದು ಬೇಡಿಕೆ ಸೇರಿಸಿದೆ: ಫಲಕ ನೆಟ್ಟ ಮೇಲೆ ಬಿಲ್ ಪಾಸು ಮಾಡುವ ಮುನ್ನ ಅಧಿಕಾರಿಗಳು ಒಮ್ಮೆ ರಾತ್ರಿ ಹೊತ್ತು, ಬೈಕಿನ ದೀಪದ ಬೆಳಕಿನಲ್ಲಿ ಬಂದು ಓದಿ ನೋಡಲಿ. ಮಾವ ಬಂದದ್ದು ರಾತ್ರಿ ಹೊತ್ತಿನಲ್ಲಿ.