ಪರದೆಯ ಮೇಲಿನ ಸಾಲು ಯಾರ ಕೆಲಸ?

ಹಾಲು ಉತ್ಪಾದಕ ಸಹೋದರಿಯರೇ,

ನಂಜನಗೂಡಿರಲಿ, ತಿ. ನರಸೀಪುರವಿರಲಿ, ಪ್ರಗತಿ ಪರಿಶೀಲನಾ ಸಭೆಯಲ್ಲಿ ಪ್ರೊಜೆಕ್ಟರ್ ಇಟ್ಟು ಸ್ಲೈಡ್ ತೋರಿಸುವುದನ್ನು ನೀವು ನೋಡಿರುತ್ತೀರಿ. ಸಭೆ ಮುಗಿದ ಮೇಲೆ ಅಧಿಕಾರಿಗಳ ಲ್ಯಾಪ್‌ಟಾಪ್ ಜೊತೆಗೇ ಆ ಸ್ಲೈಡ್‌ಗಳೂ ಹೋಗುತ್ತವೆ. ಸಂಘದ ನಡಾವಳಿ ಪುಸ್ತಕದಲ್ಲಿ ಉಳಿಯುವುದು ನಿರ್ಣಯ ಮಾತ್ರ, ಸ್ಲೈಡಿನ ಸಾಲುಗಳಲ್ಲ. ಹಾಗಾಗಿ ಮುಂದಿನ ಸಭೆಯಲ್ಲಿ ಅದೇ ಸಾಲು ಮತ್ತೆ ಗೋಡೆಯ ಮೇಲೆ ಬೀಳುತ್ತದೆ, ನಾವು ಮತ್ತೆ ತಲೆಯಾಡಿಸುತ್ತೇವೆ. ಎಸ್‌ಎನ್‌ಎಫ್ ಕಡಿಮೆಯಾಗಿ ಬಟವಾಡೆಯಲ್ಲಿ ಹಣ ಮುರಿದುಕೊಳ್ಳುವುದು ನಮಗೇ, ಹಾಲು ಒಡೆದು ಕ್ಯಾನ್ ವಾಪಸು ಬರುವುದೂ ನಮಗೇ. ಆದ್ದರಿಂದ ಸ್ಲೈಡಿನಿಂದ ಕೆಲಸವನ್ನು ಹೆಕ್ಕಿ ಬರೆದುಕೊಳ್ಳುವುದನ್ನು ಕಾರ್ಯದರ್ಶಿಯೊಬ್ಬರಿಗೇ ಬಿಡಬಾರದು, ಸದಸ್ಯೆಯರೇ ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಒಂದು ನೋಟ್‌ಬುಕ್ ಸಾಕು. ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಏನು ಕೆಲಸ, ಯಾರು ಮಾಡಬೇಕು, ಯಾವ ದಿನದೊಳಗೆ, ಆಯಿತೆಂದು ಹೇಗೆ ಗೊತ್ತಾಗುತ್ತದೆ. ಕಷ್ಟವಿರುವುದು ಕಾಲಂ ಎಳೆಯುವುದರಲ್ಲಲ್ಲ, ಸ್ಲೈಡ್ ಓದುವುದರಲ್ಲಿ. ಒಂದು ಸಂಘದ ಸ್ಲೈಡ್ ಹೀಗಿದೆ ಎಂದು ಇಟ್ಟುಕೊಳ್ಳೋಣ. ಮೇಲೆ ‘ಅಕ್ಟೋಬರ್ 31ರವರೆಗಿನ ಪ್ರಗತಿ’ ಎಂಬ ತಲೆಬರಹ. ಕೆಳಗೆ ಮೂರು ಸಾಲು:

1. ಸಂಘದ ಸರಾಸರಿ ಎಸ್‌ಎನ್‌ಎಫ್ 8.3, ಗುರಿ 8.5.
2. ಕಾಲುಬಾಯಿ ಜ್ವರದ ಲಸಿಕೆ: 212 ರಾಸುಗಳಲ್ಲಿ 171ಕ್ಕೆ ಆಗಿದೆ.
3. ಸಂಜೆಯ ಹಾಲು ಕೆಡುತ್ತಿರುವ ಬಗ್ಗೆ ಶೀಘ್ರವೇ ಕ್ರಮ ಕೈಗೊಳ್ಳಲಾಗುವುದು.

ಮೊದಲ ಸಾಲಿನಲ್ಲಿ ಕೆಲಸವೇ ಇಲ್ಲ, ಬರೀ ಅಂಕಿ ಇದೆ. ‘ಎಸ್‌ಎನ್‌ಎಫ್ ಹೆಚ್ಚಿಸುವುದು’ ಎಂದು ಬರೆದುಕೊಂಡರೆ ಅದನ್ನು ಯಾರೂ ಮಾಡಲಾರರು. ಎಲ್ಲಿ ಕಡಿಮೆಯಾಗಿದೆ ಎಂದು ಕಂಡುಹಿಡಿಯುವುದು ಮೊದಲ ಕೆಲಸ, ಅದನ್ನು ಮಾಡಬಲ್ಲವರು ಹಾಲು ಪರೀಕ್ಷಕಿ. ಮೂರು ದಿನ ಪ್ರತಿ ಸದಸ್ಯೆಯ ಹಾಲಿನ ಅಂಕಿಯನ್ನು ಬೇರೆ ಬೇರೆ ಬರೆದು ಹಿಂದಿನ ತಿಂಗಳ ಅಂಕಿಯ ಪಕ್ಕ ಇಡಬೇಕು. ಎಲ್ಲರದ್ದೂ ಒಂದೇ ಸಮ ಇಳಿದಿದ್ದರೆ ಯಂತ್ರದ ಮೇಲೆ ಅನುಮಾನ ಪಡಬೇಕು. ಆಗ ಮುಂದಿನ ಕೆಲಸ ಯಂತ್ರವನ್ನು ಸರಿಹೊಂದಿಸುವುದು, ಅದು ಒಕ್ಕೂಟದ ತಾಂತ್ರಿಕ ಸಿಬ್ಬಂದಿಯದು. ಕೆಲವು ಮನೆಗಳದ್ದು ಮಾತ್ರ ಇಳಿದಿದ್ದರೆ ಮೇವು, ಪಶು ಆಹಾರ, ಖನಿಜ ಮಿಶ್ರಣದ ಕಡೆ ನೋಡಬೇಕು, ನೀರು ಸೇರಿದೆಯೇ ಎಂದೂ ನೋಡಬೇಕು. ಆಗ ಕೆಲಸ ಆ ಮನೆಗಳದು. ಕಾರಣ ತಿಳಿಯುವ ಮೊದಲೇ ‘ಎಲ್ಲ ಸದಸ್ಯರು’ ಎಂದು ಬರೆದುಬಿಟ್ಟರೆ, ಚೆನ್ನಾಗಿ ಮೇಯಿಸುವ ತಾಯಿಯೂ ಬೈಸಿಕೊಳ್ಳುತ್ತಾಳೆ, ಕೆಟ್ಟ ಯಂತ್ರ ಹಾಗೆಯೇ ಇರುತ್ತದೆ.

ಎರಡನೇ ಸಾಲು ಆದದ್ದನ್ನು ಹೇಳುತ್ತದೆ, ಬಾಕಿ ಇರುವುದನ್ನು ಹೇಳುವುದಿಲ್ಲ. ಕಳೆದು ನೋಡಿದರೆ 41 ರಾಸು ಬಾಕಿ. ಆದರೆ ಆ 41ರಲ್ಲಿ ನಾಲ್ಕು ತಿಂಗಳು ತುಂಬದ ಕರುಗಳಿರಬಹುದು, ತುಂಬು ಗಬ್ಬದ ಹಸುಗಳೂ ಇರಬಹುದು. ಅವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಆದ್ದರಿಂದ ಈ ಒಂದು ಸಾಲಿನಲ್ಲಿ ಎರಡು ಕೆಲಸಗಳಿವೆ. ಬಾಕಿ ರಾಸುಗಳ ಕಿವಿಯೋಲೆ ಸಂಖ್ಯೆ ನೋಡಿ, ಯಾವ ಮನೆಯದು, ಏಕೆ ಬಿಟ್ಟಿತು ಎಂದು ಪಟ್ಟಿ ಮಾಡುವುದು ಕಾರ್ಯದರ್ಶಿಯ ಕೆಲಸ. ಆ ಪಟ್ಟಿ ಹಿಡಿದು ಪಶು ಆಸ್ಪತ್ರೆಗೆ ಹೋಗಿ ಇನ್ನೊಂದು ದಿನ ಗೊತ್ತು ಮಾಡಿಕೊಂಡು ಬರುವುದು ಅಧ್ಯಕ್ಷೆಯ ಕೆಲಸ. ಎರಡಕ್ಕೂ ಒಂದೇ ತಾರೀಖು ಹಾಕಬೇಡಿ. ವೈದ್ಯರು 20ರಂದು ಬರುವುದಾದರೆ ಪಟ್ಟಿ 15ಕ್ಕೇ ಕೈಯಲ್ಲಿರಬೇಕು, ಹಿಂದಿನ ದಿನ ಮನೆ ಮನೆಗೆ ಹೇಳಿ ಬೆಳಿಗ್ಗೆ ರಾಸು ಮೇಯಲು ಬಿಡದಂತೆ ನೋಡಿಕೊಳ್ಳಬೇಕು. ತಾರೀಖನ್ನು ಕೊನೆಯಿಂದ ಹಿಂದಕ್ಕೆ ಎಣಿಸಬೇಕು.

ಮೂರನೇ ಸಾಲು ಎಲ್ಲಕ್ಕಿಂತ ಮೋಸದ್ದು. ‘ಕೈಗೊಳ್ಳಲಾಗುವುದು’ ಎಂಬ ಮಾತಿನಲ್ಲಿ ಮಾಡುವವರೇ ಇಲ್ಲ. ‘ಪರಿಶೀಲಿಸಲಾಗುವುದು’, ‘ಒತ್ತು ನೀಡಬೇಕು’, ‘ಗಮನ ಹರಿಸಬೇಕು’ ಇವೆಲ್ಲ ಅದೇ ಜಾತಿ. ‘ಶೀಘ್ರ’ ಎಂಬುದೂ ತಾರೀಖಲ್ಲ. ಇಂಥ ಸಾಲು ಬಂದಾಗ ಕೈ ಎತ್ತಿ, ‘ಸಾರ್, ಇದನ್ನು ಯಾರು ಮಾಡ್ತಾರೆ, ಯಾವತ್ತಿನೊಳಗೆ?’ ಎಂದು ಕೇಳಿ. ಹಾಲಿನ ವಾಹನ ತಡವಾಗಿ ಬರುವುದರಿಂದ ಹಾಲು ಕೆಡುತ್ತಿದ್ದರೆ ಅದು ಮಾರ್ಗದ ಮೇಲ್ವಿಚಾರಕರ ಕೆಲಸ. ಕ್ಯಾನ್ ಸರಿಯಾಗಿ ತೊಳೆಯದೆ ಕೆಡುತ್ತಿದ್ದರೆ ಸಂಘದ್ದು. ಒಂದು ವಾರ ವಾಹನ ಬಂದ ಹೊತ್ತನ್ನು ಬರೆದಿಟ್ಟರೆ ಯಾವುದೆಂದು ಗೊತ್ತಾಗುತ್ತದೆ. ಹೊತ್ತಿಗೆ ಸರಿಯಾಗಿ ಬಂದ ದಿನವೂ ಹಾಲು ಒಡೆದಿದ್ದರೆ ತಪ್ಪು ವಾಹನದ್ದಲ್ಲ.

ತಲೆಬರಹದ 31 ಗಡುವಲ್ಲ, ಅಂಕಿ ಎಲ್ಲಿಯವರೆಗಿನದು ಎಂಬುದಷ್ಟೇ. ಹಾಗೆಯೇ ಸ್ಲೈಡಿನ ಮೂಲೆಯಲ್ಲಿರುವ ಹೆಸರು ಅದನ್ನು ತಯಾರಿಸಿದವರದು, ಕೆಲಸ ಮಾಡುವವರದೇ ಆಗಿರಬೇಕಿಲ್ಲ. ಸ್ಲೈಡಿನಲ್ಲಿ ಒಂದು ತಾರೀಖಿದ್ದು ಅಧಿಕಾರಿಗಳು ಬಾಯಲ್ಲಿ ಇನ್ನೊಂದು ಹೇಳಿದರೆ ಎರಡನ್ನೂ ಬರೆದುಕೊಂಡು ಅಲ್ಲೇ ಕೇಳಿ ಒಂದನ್ನು ಹೊಡೆದುಹಾಕಿ. ಉತ್ತರ ಸಿಗದಿದ್ದರೆ ಪ್ರಶ್ನೆ ಚಿಹ್ನೆ ಹಾಕಿ ಬಿಡಿ. ನಾವೇ ಊಹಿಸಿ ಯಾರದೋ ಹೆಸರು ತುಂಬಿದರೆ ಒಪ್ಪದ ಕೆಲಸವನ್ನು ಅವರು ಮಾಡುವುದಿಲ್ಲ, ಊರಲ್ಲಿ ಮನಸ್ತಾಪ ಮಾತ್ರ ಉಳಿಯುತ್ತದೆ. ಹಣ ಖರ್ಚಾಗುವ ಕೆಲಸಕ್ಕೆ ಆಡಳಿತ ಮಂಡಳಿಯ ಒಪ್ಪಿಗೆ ಬೇಕು. ಹೊಸ ಕ್ಯಾನ್ ಬೇಕೆಂದು ಸ್ಲೈಡ್ ಹೇಳಿದರೆ, ಇವತ್ತು ಬರೆಯಬೇಕಾದ ಕೆಲಸ ‘ಕ್ಯಾನ್ ಕೊಳ್ಳುವುದು’ ಅಲ್ಲ, ‘ಮುಂದಿನ ಮಂಡಳಿ ಸಭೆಯ ವಿಷಯಪಟ್ಟಿಗೆ ಸೇರಿಸುವುದು’.

ಮೊಬೈಲಿನಲ್ಲಿ ಫೋಟೋ ತೆಗೆದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ತೆಗೆಯಿರಿ, ಆದರೆ ಸಾಲುಗಳು ಒಂದೊಂದಾಗಿ ಬರುವ ಸ್ಲೈಡಾದರೆ ಕೊನೆಯ ಸಾಲು ಬಂದ ಮೇಲೆ ತೆಗೆಯಿರಿ. ಕೇಳಿ ಪಡೆದ ಹೆಸರು, ಬದಲಾದ ತಾರೀಖು ಫೋಟೋದಲ್ಲಿರುವುದಿಲ್ಲ, ಅವು ನೋಟ್‌ಬುಕ್‌ಗೇ ಬರಬೇಕು. ಸ್ಲೈಡ್ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳುವುದರಲ್ಲಿ ಸಂಕೋಚವೇನಿಲ್ಲ.

ಸಭೆಯ ಕೊನೆಯ ಹತ್ತು ನಿಮಿಷ ಇದಕ್ಕೆ ಮೀಸಲಿಡಬೇಕೆಂದು ಅಧ್ಯಕ್ಷೆಯರನ್ನೂ ವಿಸ್ತರಣಾಧಿಕಾರಿಗಳನ್ನೂ ಕೇಳಿಕೊಳ್ಳುತ್ತೇನೆ. ಬರೆದುಕೊಂಡವರು ಗಟ್ಟಿಯಾಗಿ ಓದಲಿ: ‘ಎಸ್‌ಎನ್‌ಎಫ್ ಪಟ್ಟಿ, ಹಾಲು ಪರೀಕ್ಷಕಿ, 8ನೇ ತಾರೀಖು, ಪಟ್ಟಿ ಡೇರಿ ಗೋಡೆಗೆ ಅಂಟಿಸಿರಬೇಕು.’ ಹೆಸರಿದ್ದವರು ‘ಹೂಂ’ ಎನ್ನಲಿ, ಆಗದಿದ್ದರೆ ಅಲ್ಲೇ ಹೇಳಲಿ. ಪ್ರಶ್ನೆ ಚಿಹ್ನೆ ಬಿದ್ದವನ್ನೂ ಓದಲಿ. ಮುಂದಿನ ಸಭೆಯಲ್ಲಿ ಹೊಸ ಸ್ಲೈಡ್ ಹಾಕುವ ಮೊದಲು ಈ ಹಾಳೆಯನ್ನು ಓದಿ, ಆದದ್ದಕ್ಕೆ ಗೀಟು ಎಳೆಯಲಿ. ಒಂದೇ ಸಾಲು ಮೂರು ಸಭೆಗಳಲ್ಲಿ ಗೀಟು ಕಾಣದೆ ಉಳಿದರೆ, ಅದರಲ್ಲಿ ಹೆಸರು ತಪ್ಪಾಗಿದೆ, ಇಲ್ಲವೇ ಅದು ಒಂದು ಕೆಲಸವಲ್ಲ, ಎರಡು ಎಂದು ತಿಳಿಯಿರಿ.