ಸಂಬಳ ನಿಂತರೂ ಬೆಳಗು ನಿಲ್ಲದಿರಲಿ

ನೌಕರಿ ಹೋದವನನ್ನು ಕಂಡು ಮನೆಯವರು "ಪಾಪ, ಮಲಗಲಿ ಬಿಡಿ" ಎನ್ನುತ್ತಾರೆ. ಈ ಕರುಣೆಯೇ ಕಳವಳ ಹೆಚ್ಚಿಸುತ್ತದೆಂದು ನನ್ನ ಅಭಿಪ್ರಾಯ. ಕಾರ್ಖಾನೆ ಕೆಲಸ ಹೋದ ನನ್ನ ತಮ್ಮ ಹಗಲೆಲ್ಲ ಮಲಗುತ್ತಿದ್ದ. ಹಗಲಿನ ನಿದ್ದೆ ರಾತ್ರಿಯದನ್ನು ತಿನ್ನುತ್ತದೆ. ನಡುರಾತ್ರಿ ಸಾಲದ ಲೆಕ್ಕ ಹಾಕುತ್ತ ಎದೆ ಬಡಿದುಕೊಳ್ಳುತ್ತಿತ್ತು.

ಆಮೇಲೆ ದಿನವೂ ಆರಕ್ಕೆ ಏಳತೊಡಗಿದ, ಹಗಲು ಮಲಗಲಿಲ್ಲ. ಸಾಲದ ಚಿಂತೆಯನ್ನು ಸಂಜೆ 15 ನಿಮಿಷ ಕೂತು ಬರೆದಿಡುತ್ತಿದ್ದ. ರಾತ್ರಿ ಸುಮಾರು 20 ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದ ಮೇಲೆಯೇ ಹಾಸಿಗೆಗೆ ಹೋಗುತ್ತಿದ್ದ. ಮೊದಲ ವಾರ ಸುಸ್ತಾದ. ಎರಡನೆಯ ವಾರ ನಿದ್ದೆ ಹತ್ತಿತು.

ಸಂಬಳ ನಿಂತರೂ ಕಾಯಕದ ಹೊತ್ತು ತಪ್ಪಬಾರದು. ಎರಡು ವಾರವಾದರೂ ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಿರಿ. ಸಾಯುವ ಮಾತು ಬಂದರೆ ಆ ಕ್ಷಣವೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿರಿ.