ಜುಲೈ 28ಕ್ಕೆ ಕಾಯಬೇಡಿ, ಗುರುವಾರದಿಂದ ಲೆಕ್ಕ ಹಾಕಿ

ಸಿಡ್ನಿಯ ಸ್ಕೋಫೀಲ್ಡ್ಸ್, ಮಾರ್ಸ್‌ಡನ್ ಪಾರ್ಕ್ ಕಡೆಯಲ್ಲಿ, ಅತ್ತ ಮೆಲ್ಬರ್ನಿನಲ್ಲೂ ನಮ್ಮವರು ಸಣ್ಣ ಹೋಟೆಲ್, ಕ್ಲೀನಿಂಗ್, ಡೆಲಿವರಿ ಅಂತ ಒಂದಲ್ಲ ಒಂದು ವ್ಯವಹಾರ ಇಟ್ಟುಕೊಂಡಿದ್ದಾರೆ. ಅವರ ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇರುತ್ತದೆ. ಅದರಲ್ಲಿ ನಾಲ್ಕು ದಿನಾಂಕಕ್ಕೆ ಕೆಂಪು ಗುರುತು: ಅಕ್ಟೋಬರ್ 28, ಫೆಬ್ರವರಿ 28, ಏಪ್ರಿಲ್ 28, ಜುಲೈ 28. ಇವು ಮೂರು ತಿಂಗಳಿಗೊಮ್ಮೆ ತೆರಿಗೆ ಇಲಾಖೆಗೆ ಕೊಡುವ ಬ್ಯಾಸ್ ಲೆಕ್ಕದ ದಿನಗಳು. ಆ ಕ್ಯಾಲೆಂಡರನ್ನು ತೆಗೆದು ಬಿಸಾಡಿ ಎನ್ನುವುದೇ ನನ್ನ ಅಭಿಪ್ರಾಯ. ಸಂಬಳ ಕೊಡುವ ದಿನದಿಂದ ಲೆಕ್ಕ ಶುರುವಾಗುವ ಬೇರೆ ಕ್ಯಾಲೆಂಡರ್ ಬೇಕು. 2026ರ ಜುಲೈ 1ರಿಂದ ಕಾನೂನೂ ಅದನ್ನೇ ಹೇಳುತ್ತದೆ.

ಊರಿನಲ್ಲಿ, ಗಲ್ಫ್‌ನಲ್ಲಿ ಓದುವವರಿಗೆ ಎರಡು ಮಾತು ಹೇಳಬೇಕು. ಗಲ್ಫ್‌ನಲ್ಲಿ ಕೆಲಸ ಬಿಟ್ಟು ಬರುವಾಗ ಮಾಲೀಕ ಸರ್ವಿಸ್ ಹಣ ಕೊಡುತ್ತಾನೆ. ಇಲ್ಲಿ ಹಾಗಲ್ಲ. ಸಂಬಳದ ಮೇಲೆ ಶೇಕಡಾ 12ರಷ್ಟನ್ನು ಮಾಲೀಕ ತನ್ನ ಕೈಯಿಂದ, ಕೆಲಸಗಾರನ ಹೆಸರಿನ ನಿಧಿಗೆ ಕಟ್ಟಬೇಕು. ಇದಕ್ಕೆ ಸೂಪರ್ ಅಂತ ಹೆಸರು, ನಮ್ಮ ಪಿಎಫ್‌ನ ತಮ್ಮ ಇದ್ದ ಹಾಗೆ. ಊರಿನಲ್ಲಿ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಆಸ್ಟ್ರೇಲಿಯಾದಂಥ ದೇಶದಲ್ಲಿ ಮಾತ್ರ ಇಷ್ಟು ವರ್ಷ ಮೂರು ತಿಂಗಳಿಗೊಮ್ಮೆ ಕಟ್ಟಿದರೆ ಸಾಕಿತ್ತು!

ಆ ಮೂರು ತಿಂಗಳೇ ಎಲ್ಲ ತೊಂದರೆಗೆ ಮೂಲ. ಒಂದು ಸಣ್ಣ ಹೋಟೆಲ್ ಇದೆ ಎಂದಿಟ್ಟುಕೊಳ್ಳಿ. ಮೂವರು ಕೆಲಸಗಾರರು, ಪ್ರತಿ ಗುರುವಾರ ಸಂಬಳ, ವಾರಕ್ಕೆ ಒಟ್ಟು 3,000 ಡಾಲರ್. ವಾರದ ವ್ಯಾಪಾರ 11,000. ಅದರಲ್ಲಿ ಹನ್ನೊಂದರಲ್ಲಿ ಒಂದು ಭಾಗ, ಅಂದರೆ 1,000 ಡಾಲರ್, ಗಿರಾಕಿ ಕೊಟ್ಟ ಜಿಎಸ್‌ಟಿ. ಬಾಡಿಗೆ, ಗ್ಯಾಸು, ಪಾರ್ಸೆಲ್ ಡಬ್ಬಿಗೆ ಮಾಲೀಕ ಕೊಟ್ಟ ಜಿಎಸ್‌ಟಿ 300 ಕಳೆದರೆ 700 ಉಳಿಯಿತು. ಹೋಟೆಲಿನವರಿಗೆ ಕಳೆಯಲು ಹೆಚ್ಚೇನೂ ಸಿಗುವುದಿಲ್ಲ. ಅಕ್ಕಿ, ಮಾಂಸ, ತರಕಾರಿಗೆ ಇಲ್ಲಿ ಜಿಎಸ್‌ಟಿಯೇ ಇಲ್ಲ, ಆದರೆ ಅದೇ ಬಿರಿಯಾನಿಯಾಗಿ ತಟ್ಟೆಗೆ ಬಂದರೆ ಇದೆ. ಇನ್ನು ಕೆಲಸಗಾರರ ಸಂಬಳದಿಂದ ಹಿಡಿದ ತೆರಿಗೆ ಸುಮಾರು 450 ಅನ್ನಿ. ಸೂಪರ್ 3,000ದ ಶೇಕಡಾ 12, ಅಂದರೆ 360. ಒಟ್ಟು ವಾರಕ್ಕೆ 1,510 ಡಾಲರ್.

ಈ 1,510ರಲ್ಲಿ ಒಂದು ಡಾಲರ್ ಕೂಡ ಮಾಲೀಕನದ್ದಲ್ಲ. ಒಂದು ಭಾಗ ಗಿರಾಕಿಯದ್ದು, ಒಂದು ಭಾಗ ಕೆಲಸಗಾರನದ್ದು. ಅಮಾನತ್ ಅನ್ನುವುದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ಬೇಕಾ? ಆದರೆ ಹಣ ಇರುವುದು ಮಾಲೀಕನ ಖಾತೆಯಲ್ಲೇ. 13 ವಾರಕ್ಕೆ 19,630 ಡಾಲರ್ ಸೇರುತ್ತದೆ. ಬ್ಯಾಂಕಿನ ಬ್ಯಾಲೆನ್ಸ್ ನೋಡಿದರೆ ವ್ಯಾಪಾರ ಚೆನ್ನಾಗಿದೆ ಅನ್ನಿಸುತ್ತದೆ. ಹೊಸ ಫ್ರೀಜರ್ ಬರುತ್ತದೆ, ಊರಿಗೆ ಟಿಕೆಟ್ ಆಗುತ್ತದೆ. 28ನೇ ತಾರೀಕು ಬಂದಾಗ ಹಣ ಇಲ್ಲ. ಆಗ ಇಲಾಖೆಗೆ ಹೆದರಿ ಬ್ಯಾಸ್ ಕಟ್ಟುತ್ತಾರೆ, ಸೂಪರ್ ಕೊನೆಗೆ ಹೋಗುತ್ತದೆ. ಕೆಲಸಗಾರ ಕೇಳುವುದಿಲ್ಲ ಅಲ್ವಾ, ಅವನು ನಮ್ಮವನೇ. ನನಗೆ ಸಿಟ್ಟು ಬರುವುದು ಇಲ್ಲೇ. ಕೂಲಿ ತಡಮಾಡಬಾರದು ಅಂತ ಮದ್ರಸದಲ್ಲೇ ಕಲಿತವರು ನಾವು. ಸೂಪರ್ ಕೂಡ ಕೂಲಿಯೇ.

ಹಳೆಯ ಪದ್ಧತಿಯಲ್ಲಿ ಇನ್ನೊಂದು ಗುಂಡಿ ಇತ್ತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಬ್ಯಾಸ್‌ಗೆ ಫೆಬ್ರವರಿ 28ರ ತನಕ ಸಮಯ. ಅದೇ ಮೂರು ತಿಂಗಳ ಸೂಪರ್‌ಗೆ ಜನವರಿ 28 ಕೊನೆ. ಎರಡೂ ಒಂದೇ ದಿನ ಅಂದುಕೊಂಡವರು ಒಂದು ತಿಂಗಳು ತಡ. ಸೂಪರ್‌ನಲ್ಲಿ ನೀವು ಕಳಿಸಿದ ದಿನ ಲೆಕ್ಕಕ್ಕಿಲ್ಲ, ನಿಧಿಗೆ ಹಣ ಮುಟ್ಟಿದ ದಿನವೇ ಲೆಕ್ಕ.

ಹೊಸ ನಿಯಮದಲ್ಲಿ ಸಂಬಳ ಕೊಟ್ಟ ದಿನದಿಂದ ಏಳು ಕೆಲಸದ ದಿನದೊಳಗೆ ಸೂಪರ್ ನಿಧಿಗೆ ಮುಟ್ಟಿರಬೇಕು. ಆಗಸ್ಟ್ 6, ಗುರುವಾರ ಸಂಬಳ ಕೊಟ್ಟರೆ ಶನಿವಾರ ಭಾನುವಾರ ಬಿಟ್ಟು ಎಣಿಸಿ: ಆಗಸ್ಟ್ 17, ಸೋಮವಾರ ಕೊನೆಯ ದಿನ. ಅಷ್ಟರಲ್ಲಿ 13ನೇ ತಾರೀಕಿನ ಸಂಬಳವೂ ಆಗಿರುತ್ತದೆ. ಹಾಗಾಗಿ ಕೊನೆಯ ದಿನ ಎಣಿಸುತ್ತಾ ಕೂರುವುದು ಮೂರ್ಖತನ. ಸಂಬಳ ಹಾಕುವ ಹೊತ್ತಿಗೇ ಸೂಪರ್ ಕೂಡ ಕಳಿಸಿಬಿಡಿ. ಹೇಗೂ ಆ ದಿನವೇ ಸಂಬಳದ ವಿವರ ಸಾಫ್ಟ್‌ವೇರ್ ಮೂಲಕ ಇಲಾಖೆಗೆ ಹೋಗಬೇಕು. ಅದೇ ಗುರುವಾರ ಉಳಿದ 1,150 ಡಾಲರನ್ನೂ ಇನ್ನೊಂದು ಖಾತೆಗೆ ಹಾಕಿ, ಅದರ ಕಾರ್ಡ್ ಇಟ್ಟುಕೊಳ್ಳಬೇಡಿ.

"ಸಣ್ಣವರನ್ನು ಕೊಲ್ಲುವ ಕಾನೂನು" ಅಂತ ಕೆಲವು ಮಾಲೀಕರು ಗೊಣಗುವುದನ್ನು ಕೇಳಿದ್ದೇನೆ. ವಾರಕ್ಕೆ 360 ಕೊಡಲಾಗದವನು ಮೂರು ತಿಂಗಳಿಗೆ 4,680 ಎಲ್ಲಿಂದ ತರುತ್ತಾನೆ ಮಾರಾಯ್ರೆ? ಆದರೆ ಒಂದು ವಿಷಯದಲ್ಲಿ ಅವರ ಸಂಕಟ ನಿಜ. ಅದು ಈ ಜುಲೈ ತಿಂಗಳು. ನಮ್ಮ ಹೋಟೆಲನ್ನೇ ನೋಡಿ. ಏಪ್ರಿಲ್‌ನಿಂದ ಜೂನ್‌ವರೆಗಿನ ಹಳೆಯ ಸೂಪರ್ 4,680, ಬ್ಯಾಸ್ 14,950, ಎರಡಕ್ಕೂ ಜುಲೈ 28. ಜುಲೈ 2, 9, 16ರ ಸಂಬಳದ ಹೊಸ ಸೂಪರ್ 1,080 ಕೂಡ ಅಷ್ಟರೊಳಗೆ ಮುಟ್ಟಿರಬೇಕು. ಒಟ್ಟು 20,710. ನಡುವೆ ಜುಲೈ 14ಕ್ಕೆ ವರ್ಷದ ಸಂಬಳದ ಲೆಕ್ಕ ಮುಗಿಸಿ ಇಲಾಖೆಗೆ ಒಪ್ಪಿಸಬೇಕು. ಇಲಾಖೆ ನಡೆಸುತ್ತಿದ್ದ ಉಚಿತ ಕ್ಲಿಯರಿಂಗ್ ಹೌಸ್ ಕೂಡ ಜುಲೈ 1ಕ್ಕೆ ಮುಚ್ಚುತ್ತದೆ. ಅದರ ಮೂಲಕ ಕಟ್ಟುವವರು ಬೇರೆ ದಾರಿ ಈಗಲೇ ಹುಡುಕಬೇಕು. ಏಪ್ರಿಲ್, ಮೇ ತಿಂಗಳ ಸೂಪರನ್ನು ಜೂನ್ ಮಧ್ಯದೊಳಗೆ ಕಟ್ಟಿ ಮುಗಿಸುವುದೇ ಇದಕ್ಕೆ ಮದ್ದು. ಜೂನ್ 30ರೊಳಗೆ ನಿಧಿಗೆ ಮುಟ್ಟಿದ್ದನ್ನು ಈ ವರ್ಷದ ಖರ್ಚಿನಲ್ಲೇ ತೋರಿಸಬಹುದು, ಆ ಲಾಭವೂ ಇದೆ.

ಹಣವೇ ಇಲ್ಲದಿದ್ದರೂ ಬ್ಯಾಸ್ ಮಾತ್ರ ಸಮಯಕ್ಕೆ ಸಲ್ಲಿಸಿ. ಸಲ್ಲಿಸದಿದ್ದರೆ ಪ್ರತಿ 28 ದಿನಕ್ಕೆ ಒಂದು ದಂಡ, 2024ರ ನವೆಂಬರ್‌ನಿಂದ ಅದು 330 ಡಾಲರ್, ಹೀಗೆ ಐದು ಸಲದವರೆಗೆ ಏರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ. ಕೊನೆಯ ದಿನ ಕಳೆದು ಮೂರು ತಿಂಗಳಾದರೂ ಸಲ್ಲಿಸದ ಜಿಎಸ್‌ಟಿ ಮತ್ತು ಸಂಬಳದ ತೆರಿಗೆ ನಿರ್ದೇಶಕರ ಸ್ವಂತ ಸಾಲವಾಗಿ ಅಂಟಿಕೊಳ್ಳುತ್ತದೆ. ಕಂಪನಿ ಮುಚ್ಚಿದರೂ ಬಿಡುವುದಿಲ್ಲ. ಹೆಂಡತಿಯ ಹೆಸರನ್ನು ಸುಮ್ಮನೆ ನಿರ್ದೇಶಕರ ಜಾಗದಲ್ಲಿ ಹಾಕಿಸುವ ಕಾಕಂದಿರು ಇದನ್ನು ಎರಡು ಸಲ ಓದಲಿ.

ಲೈಸೆನ್ಸ್ ವಿಷಯ ಇಷ್ಟು ದೊಡ್ಡದಲ್ಲ. ಕಂಪನಿ ನೋಂದಾಯಿಸಿದ ತಾರೀಕಿಗೆ ಪ್ರತಿ ವರ್ಷ ಆಸಿಕ್‌ನಿಂದ ಬಿಲ್ ಬರುತ್ತದೆ, ಕಟ್ಟಲು ಎರಡು ತಿಂಗಳು. ತಪ್ಪುವುದು ಬಹುಪಾಲು ಕಾಗದ ಹಳೆಯ ಬಾಡಿಗೆ ಮನೆಗೆ ಹೋಗುವುದರಿಂದ. ನ್ಯೂ ಸೌತ್ ವೇಲ್ಸ್‌ನಲ್ಲಿ ಫುಡ್ ಸೇಫ್ಟಿ ಸೂಪರ್‌ವೈಸರ್ ಸರ್ಟಿಫಿಕೇಟ್‌ಗೆ ಐದು ವರ್ಷ ಆಯಸ್ಸು. ಮೆಲ್ಬರ್ನಿನವರು ಕೌನ್ಸಿಲ್‌ನ ನೋಂದಣಿ ನವೀಕರಿಸಬೇಕು.

ಕೆಲಸಗಾರರಿಗೆ ಒಂದು ಮಾತು. ಪೇಸ್ಲಿಪ್‌ನಲ್ಲಿ ಸೂಪರ್ ಅಂತ ಸಂಖ್ಯೆ ಬರೆದಿದ್ದರೆ ಅದು ಕಟ್ಟಿದ್ದಕ್ಕೆ ಸಾಕ್ಷಿ ಅಲ್ಲ. ನಿಮ್ಮ ನಿಧಿಯ ಆ್ಯಪ್‌ನಲ್ಲಿ ಹಣ ಬಂದಿದೆಯಾ ನೋಡಿ, ಇಲ್ಲವಾದರೆ myGov ಒಳಗೆ ATO ತೆರೆದು ನೋಡಿ. ಸ್ಟೂಡೆಂಟ್ ವೀಸಾದವರಿಗೂ ಸೂಪರ್ ಇದೆ. ತಿಂಗಳಿಗೆ 450 ಡಾಲರ್ ದುಡಿದರೆ ಮಾತ್ರ ಎಂಬ ಹಳೆಯ ಮಿತಿ 2022ರ ಜುಲೈನಲ್ಲೇ ಹೋಯಿತು. ತಾತ್ಕಾಲಿಕ ವೀಸಾದವರು ಖಾಯಂ ಆಗಿ ಊರಿಗೆ ಹೊರಟು, ವೀಸಾ ಮುಗಿದ ಮೇಲೆ ಅರ್ಜಿ ಹಾಕಿ ಆ ಹಣ ವಾಪಸು ಪಡೆಯಬಹುದು. ಹೆಚ್ಚಿನವರಿಗೆ ಶೇಕಡಾ 35 ತೆರಿಗೆ ಮುರಿಯುತ್ತಾರೆ, ವರ್ಕಿಂಗ್ ಹಾಲಿಡೇ ವೀಸಾದವರಿಗೆ 65. ಹೊರಡುವ ಮೊದಲೇ ಎಲ್ಲ ವಾರಗಳ ಹಣ ಬಂದಿದೆಯಾ ಎಣಿಸಿಕೊಳ್ಳಿ. ಮಂಗಳೂರಿನಲ್ಲಿ ಕೂತು ಹಳೆಯ ಮಾಲೀಕನಿಗೆ ಫೋನ್ ಮಾಡಿದರೆ ಅವನು ಎತ್ತುವುದಿಲ್ಲ.